ಫ್ರಿಜ್‌ನ ಬೆನ್ನು

ಮಧ್ಯಾಹ್ನದ ಸೆಕೆಯನ್ನು ತಾಳಲಾರದೆ ಅಜ್ಜಿ ಅಡುಗೆಮನೆಯ ಕಿಟಕಿ, ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಫ್ರಿಜ್‌ನ ಬಾಗಿಲನ್ನು ಮಾತ್ರ ಪೂರ್ತಿ ತೆರೆದು, ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಮೊಮ್ಮಗಳು ವಸುಧಾ ನೀರು ಕುಡಿಯಲೆಂದು ಒಳಗೆ ಬಂದಳು.

"ಅಜ್ಜಿ, ಹೀಗೆ ಮಾಡಿದರೆ ಕೋಣೆ ತಂಪಾಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ."

"ಮತ್ತೆ, ನನ್ನ ಮುಖಕ್ಕೆ ತಣ್ಣಗೆ ತಾಗುತ್ತಿರುವುದು ಸುಳ್ಳೇನೇ?"

"ಅದು ಸುಳ್ಳಲ್ಲ. ಆದರೆ ನೀವು ಅದರ ಮುಂಭಾಗದಲ್ಲಿ ಕುಳಿತಿದ್ದೀರಿ. ಸ್ವಲ್ಪ ಹಿಂದಕ್ಕೆ ಬಂದು ಇಲ್ಲಿ ಕೈಯಿಡಿ."

ಅಜ್ಜಿ ಎದ್ದು ಬಂದರು. ಗೋಡೆಗೂ ಫ್ರಿಜ್‌ಗೂ ನಡುವಿನ ಸಂದಿಯಲ್ಲಿ, ಧೂಳು ಹಿಡಿದ ಕಪ್ಪು ಕೊಳವೆಗಳು ಹಾವಿನಂತೆ ಮಡಚಿಕೊಂಡಿದ್ದ ಜಾಗದ ಹತ್ತಿರ ಅಂಗೈ ಒಡ್ಡಿದವರು, ಕೂಡಲೇ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಕೆಳಗಿದ್ದ ಕಂಪ್ರೆಸರ್ ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು.

"ಇಷ್ಟು ಬಿಸಿ ಎಲ್ಲಿಂದ ಬಂತು?"

"ಬಹುಪಾಲು ಒಳಗಿನಿಂದಲೇ ಬಂದದ್ದು. ಫ್ರಿಜ್ ಎಲ್ಲಿಂದಲೋ ತಂಪನ್ನು ತಂದು ತುಂಬುವುದಿಲ್ಲ ಅಜ್ಜಿ, ಒಳಗಿರುವ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಕೊಳವೆಯೊಳಗೆ ಸುಲಭವಾಗಿ ಆವಿಯಾಗುವ ಒಂದು ದ್ರವವಿದೆ. ಒಳಗಿನ ಕೊಳವೆಗಳಲ್ಲಿ ಒತ್ತಡ ಕಡಿಮೆಯಿರುವುದರಿಂದ ಅದು ಅಲ್ಲಿ ಕುದಿದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿದಾಗ ಅದು ಕೋಣೆಗಿಂತಲೂ ಬಿಸಿಯಾಗಿ, ಹಿಂದಿನ ಕೊಳವೆಗಳಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು, ಮತ್ತೆ ದ್ರವವಾಗಿ ಒಳಕ್ಕೆ ಹೋಗುತ್ತದೆ."

ಪರೀಕ್ಷೆಯಲ್ಲಾದರೆ ಇಷ್ಟು ಬರೆದರೆ ಸಾಕಿತ್ತು. ಅಜ್ಜಿಗೆ ಸಾಲಲಿಲ್ಲ.

"ಒಳಗಿನ ಬಿಸಿ ಹೊರಗೆ ಬಂತು, ಹೊರಗಿನ ಬಿಸಿ ಬಾಗಿಲ ಮೂಲಕ ಒಳಗೆ ಹೋಯಿತು. ಬಾವಿಯಿಂದ ಸೇದಿದ ನೀರನ್ನು ಅದೇ ಬಾವಿಗೆ ಸುರಿದ ಹಾಗಾಯಿತು. ಹಾಗಾದರೆ ಕೋಣೆ ಮೊದಲಿದ್ದಷ್ಟೇ ಬಿಸಿಯಾಗಿರಬೇಕಲ್ಲ? ಹೆಚ್ಚಾಗುತ್ತದೆ ಎಂದೆಯಲ್ಲ, ಆ ಹೆಚ್ಚು ಎಲ್ಲಿಂದ ಬಂತು?"

ವಸುಧಾಳಿಗೆ ಒಳಗೊಳಗೇ ಖುಷಿಯಾಯಿತು. ತರಗತಿಯಲ್ಲಿ ಯಾರೂ ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ಕೇಳಿರಲಿಲ್ಲ.

"ಸೇದುವುದಕ್ಕೂ ಶಕ್ತಿ ಬೇಕಲ್ಲ ಅಜ್ಜಿ. ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಶಾಖ ತಾನಾಗಿಯೇ ಹರಿಯುವುದಿಲ್ಲ. ಅದನ್ನು ಸಾಗಿಸಲು ಕಂಪ್ರೆಸರ್ ವಿದ್ಯುತ್ತನ್ನು ಬಳಸುತ್ತದೆ, ಬಳಸಿದ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಉಳಿಯುತ್ತದೆ. ಅಂದಾಜಿಗೆ ಹೇಳುವುದಾದರೆ, ಕಂಪ್ರೆಸರ್ 150 ವಾಟ್ ವಿದ್ಯುತ್ತನ್ನು ಬಳಸಿ ಒಳಗಿನಿಂದ 250 ವಾಟ್ ಶಾಖವನ್ನು ತೆಗೆಯುತ್ತದೆ ಎಂದುಕೊಳ್ಳಿ. ಹಿಂದಿನಿಂದ ಹೊರಬರುವುದು ಎರಡೂ ಸೇರಿ 400 ವಾಟ್. ಮುಂದಿನಿಂದ 250 ವಾಟ್ ಹೋಯಿತು, ಹಿಂದಿನಿಂದ 400 ಬಂತು. ಉಳಿದ 150 ವಾಟ್ ಈ ಕೋಣೆಯ ಪಾಲು."

"ಒಳಗೆ ಮೊದಲೇ ತಣ್ಣಗಾಗಿದ್ದ ಗಾಳಿ, ನೀರು?"

"ಅವುಗಳ ತಂಪು ಸ್ವಲ್ಪ ಹೊತ್ತು ಬರುತ್ತದೆ. ನಿಮ್ಮ ಮುಖಕ್ಕೆ ಮೊದಲು ತಾಗಿದ್ದು ಅದೇ. ತಣ್ಣನೆಯ ಗಾಳಿ ಭಾರವಾದ್ದರಿಂದ ಬೇಗ ಕೆಳಗಿಳಿದು ಕಾಲ ಬಳಿ ಹರಡುತ್ತದೆ. ಆಮೇಲೆ ಒಳಗೆಲ್ಲ ಬೆಚ್ಚಗಾಗಿ, ನಿಗದಿಯಾದ ತಂಪು ಎಂದೂ ಸಿಗದೆ, ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಇರುತ್ತದೆ. ಬಾಗಿಲು ಮುಚ್ಚಿದ್ದರೆ ಅದು ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತಿತ್ತು."

ಅಜ್ಜಿ ಒಮ್ಮೆ ಫ್ರಿಜ್‌ನ ಮುಂಭಾಗವನ್ನೂ ಒಮ್ಮೆ ಅದರ ಹಿಂದಿನ ಗೋಡೆಯನ್ನೂ ನೋಡಿದರು.

"ಹಾಗಾದರೆ ಗೋಡೆಯಲ್ಲಿ ತೂತು ಕೊರೆದು, ಇದರ ಬೆನ್ನನ್ನು ಹೊರಗೆ ಬಿಟ್ಟು, ಹೊಟ್ಟೆಯನ್ನು ಮಾತ್ರ ಒಳಗಿಟ್ಟರೆ?"

"ಆಗ ಖಂಡಿತ ತಂಪಾಗುತ್ತದೆ. ಎ.ಸಿ. ಮಾಡುವುದೂ ಅದನ್ನೇ. ಅದರ ಬಿಸಿ ಭಾಗ ಗೋಡೆಯಾಚೆ ಇರುವುದು ಅದಕ್ಕೇ."

"ಇಷ್ಟು ವರ್ಷ ಬಾಗಿಲು ಮುಚ್ಚಿಕೊಂಡಿದ್ದಾಗಲೂ ಇದು ಕೋಣೆಯನ್ನು ಬಿಸಿ ಮಾಡುತ್ತಲೇ ಇತ್ತು ಅನ್ನು."

"ಹೌದು, ಬಳಸಿದ ವಿದ್ಯುತ್ತಿನಷ್ಟು. ಬಾಗಿಲು ಮುಚ್ಚಿದ್ದಾಗ ಅದು ಕಡಿಮೆ, ಅಷ್ಟೇ."

ಅಜ್ಜಿ ಫ್ರಿಜ್‌ನ ಬಾಗಿಲನ್ನು ದಬ್ಬಿ ಮುಚ್ಚಿದರು. "ಸರಿ, ಇದನ್ನು ಗೋಡೆಯಿಂದ ಒಂದಿಷ್ಟು ಮುಂದಕ್ಕೆ ಎಳೆ, ಆ ಕೊಳವೆಗಳ ಧೂಳು ಒರೆಸಬೇಕು. ಬೆನ್ನಿಗೆ ಗಾಳಿಯಾಡದೆ ಅದು ಬಿಸಿಯನ್ನು ಹೇಗೆ ಬಿಟ್ಟುಕೊಟ್ಟೀತು?"

"ಮೊದಲು ಪ್ಲಗ್ ತೆಗೆಯುತ್ತೇನೆ ಅಜ್ಜಿ," ಎಂದು ವಸುಧಾ ಸ್ವಿಚ್ಚಿನ ಕಡೆ ನಡೆದಳು.