ಕುಟುಂಬ ಆರೋಗ್ಯ ವಿಮೆ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಉಡುಪಿಯ ನಮ್ಮ ಪತ್ತಿನ ಸಹಕಾರ ಸಂಘದ ಸದಸ್ಯರಿಗಾಗಿ

ಹಿಂದಿನ ಕರಪತ್ರದಲ್ಲಿ ಲಾಭಗಳು ಮುಂದಿನ ಪುಟದಲ್ಲಿದ್ದವು, ಷರತ್ತುಗಳು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿದ್ದವು. ಇದರಲ್ಲಿ ಎರಡೂ ಒಂದೇ ಅಳತೆಯ ಅಕ್ಷರದಲ್ಲಿ, ಅಕ್ಕಪಕ್ಕದಲ್ಲೇ ಇವೆ. ಮನೆಯವರೆಲ್ಲ ಕೂತು ಒಮ್ಮೆ ಓದಿ. ಆಮೇಲೆ ಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಒಟ್ಟಿನಲ್ಲಿ ಇದು ಏನು?

ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಆಸ್ಪತ್ರೆ ಖರ್ಚು ಸಿಗುತ್ತದೆ. ಈ 5 ಲಕ್ಷ ತಲೆಗೊಂದರಂತೆ ಅಲ್ಲ, ಇಡೀ ಕುಟುಂಬಕ್ಕೆ ಒಂದೇ. ಒಬ್ಬರಿಗೇ 4 ಲಕ್ಷ ಖರ್ಚಾದರೆ ಆ ವರ್ಷ ಉಳಿದವರಿಗೆಲ್ಲ ಸೇರಿ 1 ಲಕ್ಷ ಉಳಿಯುತ್ತದೆ.

ಕನಿಷ್ಠ 24 ಗಂಟೆ ದಾಖಲಾಗಿರಬೇಕು. ಕಣ್ಣಿನ ಪೊರೆ ಆಪರೇಷನ್, ಡಯಾಲಿಸಿಸ್, ಕೀಮೋ ಮುಂತಾದ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗೆ ಈ 24 ಗಂಟೆಯ ನಿಯಮ ಇಲ್ಲ. ದಾಖಲಾಗುವ ಮೊದಲಿನ 30 ದಿನ ಮತ್ತು ಬಿಡುಗಡೆಯಾದ ಮೇಲಿನ 60 ದಿನ, ಅದೇ ಕಾಯಿಲೆಗೆ ಮಾಡಿದ ಟೆಸ್ಟು, ಮಾತ್ರೆ, ಡಾಕ್ಟರ್ ಫೀಸು ಸಿಗುತ್ತದೆ. ಬಿಲ್ಲುಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಆಂಬುಲೆನ್ಸಿಗೆ ಪ್ರತಿ ಬಾರಿ 2,000 ರೂಪಾಯಿ ತನಕ. ಒಂದು ವರ್ಷ ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ವಿಮೆಯ ಮೊತ್ತ ಶೇ. 5ರಷ್ಟು ಏರುತ್ತದೆ. ಹೀಗೆ ಹೆಚ್ಚೆಂದರೆ ಶೇ. 50ರ ತನಕ.

ನಮ್ಮ ಕಡೆ ಮಳೆಗಾಲ ಬಂತೆಂದರೆ ಡೆಂಗ್ಯೂ, ಮಲೇರಿಯಾ, ಇಲಿಜ್ವರ. ಇವಕ್ಕೆ ದಾಖಲಾದರೆ ಹಣ ಸಿಗುತ್ತದೆ. ಕ್ಲಿನಿಕ್ಕಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಗೊಂಡು ಮನೆಯಲ್ಲೇ ಮಲಗಿದರೆ ಸಿಗುವುದಿಲ್ಲ.

ಕಾಯಬೇಕಾದ ಅವಧಿ

ಜಾಸ್ತಿ ಮನಸ್ತಾಪ ಆಗುವುದು ಈ ವಿಷಯದಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ಪಾಲಿಸಿ ಶುರುವಾದ ಮೊದಲ 30 ದಿನ ಯಾವ ಕಾಯಿಲೆಗೂ ಹಣ ಇಲ್ಲ. ಅಪಘಾತಕ್ಕೆ ಮಾತ್ರ ಮೊದಲ ದಿನದಿಂದಲೇ ಇದೆ. ಜೂನ್ ಕೊನೆಗೆ ಪಾಲಿಸಿ ಮಾಡಿಸಿ ಜುಲೈಯಲ್ಲಿ ಜ್ವರ ಬಂದರೆ ಸಿಗದೇ ಹೋಗಬಹುದು. ಮಳೆಗಾಲಕ್ಕೆ ಬೇಕೆಂದಿದ್ದರೆ ಏಪ್ರಿಲಿನಲ್ಲೇ ಮಾಡಿಸುವುದು ಒಳ್ಳೆಯದು.

ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಕಿಡ್ನಿ ಕಲ್ಲು, ಮೊಣಕಾಲಿನ ಕೀಲು ಬದಲಾವಣೆಗೆ 24 ತಿಂಗಳು ಕಾಯಬೇಕು. ಅಪಘಾತದಿಂದ ಇವು ಬೇಕಾಗಿ ಬಂದರೆ ಕಾಯಬೇಕಿಲ್ಲ.

ಪಾಲಿಸಿ ಮಾಡುವಾಗಲೇ ಇದ್ದ ಶುಗರು, ಬಿಪಿ, ಹೃದಯದ ತೊಂದರೆ, ಆಸ್ತಮಾ ಮುಂತಾದವಕ್ಕೂ ಅವುಗಳಿಂದ ಬರುವ ತೊಂದರೆಗೂ 36 ತಿಂಗಳು ಕಾಯಬೇಕು. ಅಲ್ಲಿಯ ತನಕ ಇವಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಹಾಗಂತ ಇರುವ ಕಾಯಿಲೆಯನ್ನು ಫಾರ್ಮಿನಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಿರಸ್ಕಾರವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಹೇಳಿಬಿಟ್ಟರೆ 36 ತಿಂಗಳ ಮೇಲೆ ಅದಕ್ಕೂ ರಕ್ಷಣೆ ಇದೆ. ಯಾರಾದರೂ ‘ಬರೆಯಬೇಡಿ, ಏನೂ ಆಗುವುದಿಲ್ಲ’ ಎಂದರೆ ಅವರ ಮಾತು ಕೇಳಬೇಡಿ, ಅವರು ನಮ್ಮ ಸಂಘದವರೇ ಆಗಿದ್ದರೂ ಸರಿ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ‘ನೀವು ಹೇಳಿರಲಿಲ್ಲ’ ಎಂಬ ಕಾರಣಕ್ಕೆ ಕಂಪನಿ ಕ್ಲೇಮು ನಿರಾಕರಿಸುವಂತಿಲ್ಲ.

ರೂಮಿನ ಬಾಡಿಗೆ: ಒಂದು ಲೆಕ್ಕ ನೋಡಿ

ದಿನಕ್ಕೆ 5,000 ರೂಪಾಯಿ ತನಕದ ರೂಮು ತಗೊಳ್ಳಬಹುದು. ನೀವು ಮಂಗಳೂರಿನಲ್ಲೋ ಮಣಿಪಾಲದಲ್ಲೋ 8,000ದ ರೂಮು ತಗೊಂಡು 4 ದಿನ ಇದ್ದಿರಿ ಎಂದಿಟ್ಟುಕೊಳ್ಳಿ. ರೂಮಿಗೆ 32,000. ಡಾಕ್ಟರ್, ನರ್ಸಿಂಗ್, ಆಪರೇಷನ್ ಥಿಯೇಟರ್ ಸೇರಿ 40,000. ಔಷಧಿ, ಟೆಸ್ಟು 28,000. ಬಿಲ್ಲು ಸರಿಯಾಗಿ 1 ಲಕ್ಷ.

ಕಡಿತ ಆಗುವುದು ರೂಮಿನ ಹೆಚ್ಚುವರಿ 12,000 ಮಾತ್ರ ಅಂತ ಅನಿಸುತ್ತದೆ, ಅಲ್ವಾ? ಹಾಗಲ್ಲ. 8,000ದಲ್ಲಿ 5,000 ಅಂದರೆ ಶೇ. 62.5. ಡಾಕ್ಟರ್, ನರ್ಸಿಂಗ್, ಥಿಯೇಟರ್ ಖರ್ಚಿಗೂ ಇದೇ ಪ್ರಮಾಣ ಅನ್ವಯಿಸುತ್ತದೆ. ಹಾಗಾಗಿ ರೂಮಿಗೆ 20,000, ಡಾಕ್ಟರ್ ಇತ್ಯಾದಿಗೆ 25,000, ಔಷಧಿ ಮತ್ತು ಟೆಸ್ಟಿಗೆ ಪೂರ್ತಿ 28,000. ಒಟ್ಟು 73,000 ಸಿಗುತ್ತದೆ. ನಿಮ್ಮ ಕೈಯಿಂದ 27,000 ಹೋಗುತ್ತದೆ. ಔಷಧಿ, ಟೆಸ್ಟು, ದೇಹದೊಳಗೆ ಹಾಕುವ ಉಪಕರಣ ಮತ್ತು ಐಸಿಯು ಖರ್ಚಿಗೆ ಈ ಕಡಿತ ಇಲ್ಲ.

ಆದ್ದರಿಂದ ದಾಖಲಾಗುವಾಗಲೇ ಕೌಂಟರಿನಲ್ಲಿ ‘5,000ದ ಒಳಗಿನ ರೂಮು ಕೊಡಿ’ ಎಂದು ಕೇಳಿ. ಜೊತೆಗಿದ್ದವರ ಊಟ, ಫಾರ್ಮಿನ ಶುಲ್ಕ ಮುಂತಾದ ಚಿಲ್ಲರೆ ಖರ್ಚು ಹೇಗೂ ನಿಮ್ಮದೇ.

61 ವರ್ಷ ತುಂಬಿದ ಮೇಲೆ ಪಾಲಿಸಿಗೆ ಸೇರಿದವರ ಪ್ರತಿ ಕ್ಲೇಮಿನಲ್ಲಿ ಶೇ. 10 ಅವರೇ ಕೊಡಬೇಕು.

ಯಾವತ್ತೂ ಸಿಗದವು

ಹೆರಿಗೆ, ಬಂಜೆತನದ ಚಿಕಿತ್ಸೆ, ಅಂದಕ್ಕಾಗಿ ಮಾಡಿಸುವ ಆಪರೇಷನ್, ಅಪಘಾತದಿಂದಲ್ಲದ ಹಲ್ಲಿನ ಚಿಕಿತ್ಸೆ, ಕುಡಿತ ಅಥವಾ ಮಾದಕ ವಸ್ತುವಿನ ಚಟದ ಚಿಕಿತ್ಸೆ. ಪೂರ್ತಿ ಪಟ್ಟಿ ಪಾಲಿಸಿ ದಾಖಲೆಯಲ್ಲಿದೆ.

ಎಷ್ಟು ಕಟ್ಟಬೇಕು?

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ ಕುಟುಂಬದಲ್ಲಿ ಎಲ್ಲರಿಗಿಂತ ದೊಡ್ಡವರಿಗೆ 31ರಿಂದ 35 ವರ್ಷ ಇದ್ದರೆ ವರ್ಷಕ್ಕೆ 16,400 ರೂಪಾಯಿ. 46ರಿಂದ 50 ಇದ್ದರೆ 24,900. ವಯಸ್ಸಿನ ಗುಂಪು ಬದಲಾದಾಗ ಪ್ರೀಮಿಯಂ ಏರುತ್ತದೆ, ಕಂಪನಿ ದರ ಪರಿಷ್ಕರಿಸಿದಾಗಲೂ ಏರಬಹುದು. ಇಂಥ ಕುಟುಂಬ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಪ್ರೀಮಿಯಂಗೆ ಆದಾಯ ತೆರಿಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ.

ನವೀಕರಣಕ್ಕೆ ತಡವಾದರೆ 30 ದಿನ ಅವಕಾಶವಿದೆ. ಆ ದಿನಗಳೊಳಗೆ ಕಟ್ಟಿದರೆ ನೀವು ಕಾದ ತಿಂಗಳುಗಳ ಲೆಕ್ಕ ಉಳಿಯುತ್ತದೆ. ಆದರೆ ಹಣ ಕಟ್ಟದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮು ಸಿಗುವುದಿಲ್ಲ. ಜೂನ್, ಜುಲೈಯಲ್ಲಿ ಬೋಟು ಕಡಲಿಗಿಳಿಯುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಮೀನುಗಾರ ಸದಸ್ಯರು ನವೀಕರಣದ ತಿಂಗಳನ್ನು ಇದನ್ನು ನೋಡಿಕೊಂಡೇ ಆರಿಸಿ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಅದರ ಮೇಲೆ ಇದೂ ಬೇಕೇ ಎಂದು ಯೋಚಿಸಿ ಬನ್ನಿ.

ಆಸ್ಪತ್ರೆಗೆ ಹೋಗುವಾಗ

ಕಾರ್ಡು ತಗೊಂಡು ವಿಮಾ ಡೆಸ್ಕಿಗೆ ಹೋಗಿ. ನಗದುರಹಿತ ಚಿಕಿತ್ಸೆಯ ಅರ್ಜಿಗೆ ಕಂಪನಿ 1 ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆಯ ಅನುಮತಿಯನ್ನು 3 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಆ ಹೆಚ್ಚುವರಿ ಕಂಪನಿಯ ಮೇಲೆ, ನಿಮ್ಮ ಮೇಲಲ್ಲ. ನೀವೇ ಹಣ ಕಟ್ಟಿದ್ದರೆ ಬಿಡುಗಡೆಯಾದ 30 ದಿನದೊಳಗೆ ಮೂಲ ಬಿಲ್ಲುಗಳನ್ನು ಕೊಡಿ.

ಮನಸ್ಸು ಬದಲಾದರೆ, ದೂರು ಇದ್ದರೆ

ಹೊಸ ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದರೆ ಹಿಂದಿರುಗಿಸಬಹುದು. ರಕ್ಷಣೆ ಇದ್ದ ದಿನಗಳ ಪ್ರೀಮಿಯಂ, ವೈದ್ಯಕೀಯ ತಪಾಸಣೆ ಮತ್ತು ಸ್ಟ್ಯಾಂಪ್ ಖರ್ಚು ಕಳೆದು ಉಳಿದದ್ದು ವಾಪಸ್ ಬರುತ್ತದೆ.

ದೂರು ಮೊದಲು ಕಂಪನಿಗೆ ಕೊಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ. ಅದರ ಸಹಾಯವಾಣಿ 155255, ಜಾಲತಾಣ bimabharosa.irdai.gov.in. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ.

ಕಾನೂನಿನ ಪ್ರಕಾರ ಹೇಳಲೇಬೇಕಾದ್ದು

ಸಂಘವು ವಿಮೆ ಮಾರುವ ಏಜೆಂಟ್ ಮಾತ್ರ. ಅಪಾಯ ಹೊರುವುದೂ ಕ್ಲೇಮು ಕೊಡುವುದೂ ವಿಮಾ ಕಂಪನಿ. ಪ್ರತಿ ಪಾಲಿಸಿಗೆ ಸಂಘಕ್ಕೆ ಕಮಿಷನ್ ಬರುತ್ತದೆ. ಸಾಲಕ್ಕೂ ಇದಕ್ಕೂ ಸಂಬಂಧ ಇಲ್ಲ, ಪಾಲಿಸಿ ತಗೊಳ್ಳದಿದ್ದರೂ ನಿಮ್ಮ ಸಾಲದ ಅರ್ಜಿ ನಿಲ್ಲುವುದಿಲ್ಲ.

ಕಮಿಷನ್ನಿನಲ್ಲಿ ಪಾಲು ಕೊಡುವುದು, ಪ್ರೀಮಿಯಂನಲ್ಲಿ ಒಳಗಿಂದೊಳಗೆ ರಿಯಾಯಿತಿ ಕೊಡುವುದು ಅಥವಾ ಪಡೆಯುವುದು ವಿಮಾ ಕಾಯ್ದೆ 1938ರ ಸೆಕ್ಷನ್ 41ರಂತೆ ನಿಷಿದ್ಧ. ದಂಡ 10 ಲಕ್ಷ ರೂಪಾಯಿ ತನಕ.

ಐಆರ್‌ಡಿಎಐ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ, ಪ್ರೀಮಿಯಂ ಹೂಡಿಕೆ ಮಾಡುವುದಿಲ್ಲ. ಅದರ ಹೆಸರಿನಲ್ಲಿ ಕರೆ ಬಂದರೆ ಪೊಲೀಸರಿಗೆ ದೂರು ಕೊಡಿ.

ಇದು ಸಾರಾಂಶ. ಇದಕ್ಕೂ ಪಾಲಿಸಿ ದಾಖಲೆಗೂ ವ್ಯತ್ಯಾಸ ಕಂಡರೆ ಪಾಲಿಸಿ ದಾಖಲೆಯೇ ಅಂತಿಮ. ಅಪಾಯದ ಅಂಶಗಳು, ನಿಯಮ ಮತ್ತು ಷರತ್ತುಗಳನ್ನು ಖರೀದಿಗೆ ಮೊದಲು ಗಮನವಿಟ್ಟು ಓದಿ. ಪಾಲಿಸಿಯ ಗುರುತಿನ ಸಂಖ್ಯೆಯಾದ ಯುಐಎನ್ ಪ್ರಸ್ತಾವ ಫಾರ್ಮಿನ ಮೇಲ್ತುದಿಯಲ್ಲಿದೆ. ದಾಖಲೆಯ ಕನ್ನಡ ಪ್ರತಿ ಕೌಂಟರಿನಲ್ಲಿ ಕೇಳಿದವರಿಗೆ ಉಚಿತ.