ನಿಮ್ಮ ಬಿಲ್ಲಿಂಗ್ ವಿಭಾಗದ ಸವಿತಾ ಅವರ ಕೆಲಸದ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,
ಬಾಗಲಕೋಟೆ, ಮಾರ್ಚ್ 12

ನಮಸ್ಕಾರ.

ನಾನು ಇಲ್ಲಿ ನವನಗರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಮನೆಗೆ ನಿಮ್ಮ ಫೈಬರ್ ಇಂಟರ್ನೆಟ್ ಇದೆ, ನನ್ನ ಮಾವನವರ ಹೆಸರಿನಲ್ಲಿ. ಆರು ತಿಂಗಳಿಂದ ಬಗೆಹರಿಯದ ಬಿಲ್ಲಿನ ತಕರಾರನ್ನು ನಿಮ್ಮ ಬಿಲ್ಲಿಂಗ್ ವಿಭಾಗದ ಸವಿತಾ ಅನ್ನುವವರು ಎರಡೇ ವಾರದಲ್ಲಿ ಬೇರು ಸಮೇತ ಕಿತ್ತು ಹಾಕಿದರು. ಕರೆ ಮುಗಿದ ಮೇಲೆ ಬರುವ ನಿಮ್ಮ ಮೆಸೇಜಿಗೆ 5 ಒತ್ತಿದ್ದೇನೆ. ಆ ಒಂದು ಅಂಕಿಯಿಂದ ಅವರು ಏನು ಮಾಡಿದರು ಅನ್ನುವುದು ನಿಮಗೆ ತಿಳಿಯುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೋದ ಆಗಸ್ಟ್‌ವರೆಗೆ ನಾವು ಹಳೇ ಬಾಗಲಕೋಟೆಯ ಕಿಲ್ಲಾದಲ್ಲಿ ಇದ್ದೆವು. ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ ಊರಿನ ಎಷ್ಟೋ ಜನ ನವನಗರಕ್ಕೆ ಬಂದು ವರ್ಷಗಳೇ ಆದವು. ಮಾವನವರು ಮಾತ್ರ ಹಳೇ ಮನೆ ಬಿಡಲು ಒಪ್ಪಿರಲಿಲ್ಲ. ಕಡೆಗೂ ಮನೆ ಬದಲಿಸಿದಾಗ ಇಂಟರ್ನೆಟ್ ಕೂಡ ವರ್ಗಾಯಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಲೈನ್‌ಮನ್ ಬಂದು ಹಳೇ ಮನೆಯ ರೂಟರ್ ಬಿಚ್ಚಿ ತಂದು ಹೊಸ ಮನೆಯ ಗೋಡೆಗೆ ಹಾಕಿ ಹೋದ. ಇಂಟರ್ನೆಟ್ ಬಂತು. ಕೆಲಸ ಮುಗಿಯಿತು ಅಂದುಕೊಂಡೆವು.

ಆದರೆ ನಿಮ್ಮ ಲೆಕ್ಕದಲ್ಲಿ ಸಂಪರ್ಕ ವರ್ಗಾವಣೆ ಆಗಿರಲಿಲ್ಲ. ಹಳೇ ಖಾತೆಯನ್ನು ಹಾಗೇ ಬಿಟ್ಟು, ನವನಗರದ ವಿಳಾಸಕ್ಕೆ ಇನ್ನೊಂದು ಖಾತೆ ತೆರೆದಿದ್ದರು. ನಮ್ಮ ಪ್ಲಾನ್ ತಿಂಗಳಿಗೆ 599 ರೂಪಾಯಿ, 18% ಜಿಎಸ್‌ಟಿ ಸೇರಿ 706.82. ನನ್ನ ಮೊಬೈಲಿನ ಆಟೋ ಪೇ ಹಳೇ ಖಾತೆಗೆ ಜೋಡಿಸಿದ್ದರಿಂದ ತಿಂಗಳು ತಿಂಗಳೂ ದುಡ್ಡು ಅಲ್ಲಿಗೆ ಹೋಗುತ್ತಿತ್ತು. ಹೊಸ ಖಾತೆಯಲ್ಲಿ ಬಾಕಿ ಬೆಳೆಯುತ್ತಿತ್ತು. ನವೆಂಬರ್‌ನಲ್ಲಿ ಬಾಕಿ ಇದೆ ಎಂದು ಲೈನ್ ಕಟ್ ಆಯಿತು. ಮಗಳಿಗೆ ಆ ವಾರ ಆನ್‌ಲೈನ್ ಪರೀಕ್ಷೆ. ತಕರಾರು ಆಮೇಲೆ ನೋಡೋಣ ಎಂದು ಎರಡು ತಿಂಗಳ ಬಿಲ್ಲು, ದಂಡ ಸೇರಿ 1649.64 ರೂಪಾಯಿ ಕಟ್ಟಿ ಲೈನ್ ಹಾಕಿಸಿಕೊಂಡೆ.

ಅಲ್ಲಿಂದ ನಾಲ್ಕು ಸಲ ದೂರು ಕೊಟ್ಟೆ. ನಾಲ್ಕು ಸಲವೂ ದೂರಿನ ನಂಬರ್ ಬಂತು, ಮೂರನೇ ದಿನ 'ನಿಮ್ಮ ದೂರು ಬಗೆಹರಿದಿದೆ' ಎಂಬ ಮೆಸೇಜ್ ಬಂತು. ಬಿಲ್ಲು ಮಾತ್ರ ಬರುವುದು ನಿಲ್ಲಲಿಲ್ಲ. ಮಾತಾಡಿದವರು ಯಾರೂ ಒರಟಾಗಿ ಮಾತಾಡಿಲ್ಲ, ಅದನ್ನೂ ಹೇಳಬೇಕು. ಆದರೆ ಪ್ರತಿ ಸಲ ಬೇರೆಯವರು, ಪ್ರತಿ ಸಲ ಮೊದಲಿಂದ ಕಥೆ. ಫೆಬ್ರವರಿ ಹೊತ್ತಿಗೆ ಹೊಸ ಖಾತೆಯ ಬಾಕಿ 3181.28 ಆಗಿತ್ತು. ಅಷ್ಟು ರೊಟ್ಟಿ ಬಡಿಯಲು ನಮ್ಮ ಮನೆಯ ಹೆಂಗಸರಿಗೆ ಎಷ್ಟು ದಿನ ನಸುಕಿನಲ್ಲಿ ಏಳಬೇಕು ಅನ್ನುವುದು ನನಗೆ ಗೊತ್ತು.

ಐದನೇ ಸಲ ಫೋನ್ ಎತ್ತಿದವರು ಸವಿತಾ. ಅವತ್ತು ಫೆಬ್ರವರಿ 24.

ನಾನು ಸಿಟ್ಟಿನಲ್ಲೇ ಶುರು ಮಾಡಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ, "ಅಕ್ಕಾರ, ನಾಕೂ ದೂರು ನನ್ನ ಮುಂದ ತಗದೀನ್ರಿ. ಮತ್ತ ಮೊದಲಿಂದ ಹೇಳೂದು ಬ್ಯಾಡ. ಎಲ್ಲಾ ಓದತೀನಿ, ಎರಡು ನಿಮಿಷ ಕೊಡ್ರಿ" ಅಂದರು. ನಮ್ಮ ಕಡೆಯ ಮಾತು ಕೇಳಿ ಯಾವ ಊರು ಎಂದೆ. ಗೋಕಾಕ ಅಂದರು. "ನಮ್ಮೂರ ಹೊಳೀ ನೀರ ನಿಮ್ಮೂರಿಗೆ ಬರೂದ್ರಿ" ಎಂದರು. ಘಟಪ್ರಭೆಯ ಮಾತು ಅದು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಓದಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. ಗೋಡೆಯ ಮೇಲಿನ ರೂಟರ್ ಹೊಸದೋ ಹಳೇದೋ ಎಂದು ಕೇಳಿದರು. ಹಳೇದೇ ಎಂದೆ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿನ ಸೀರಿಯಲ್ ನಂಬರ್ ಓದಿ ಹೇಳಿ ಎಂದರು. ರೊಟ್ಟಿಯ ಕೋಣೆಯ ಪಕ್ಕದ ಗೋಡೆ, ಹಿಟ್ಟಿನ ಧೂಳು ಕೂತು ಅಕ್ಷರ ಕಾಣಿಸುತ್ತಿರಲಿಲ್ಲ. ಒರೆಸಿ, ಟಾರ್ಚ್ ಹಿಡಿದು, ಒಂದೊಂದೇ ಅಕ್ಷರ ಓದಿದೆ. ಎರಡು ಸಲ ತಪ್ಪಿದೆ. ಮೂರನೇ ಸಲವೂ ಅಷ್ಟೇ ಸಮಾಧಾನದಿಂದ ಬರೆದುಕೊಂಡರು.

ಗಂಟು ಇದ್ದದ್ದು ಅಲ್ಲಿ. ಹಳೇ ಖಾತೆ ಮುಚ್ಚಬೇಕಾದರೆ ಅದರ ರೂಟರ್ ಕಂಪನಿಗೆ ವಾಪಸ್ ಬಂದಿದೆ ಎಂದು ದಾಖಲಾಗಬೇಕಂತೆ. ರೂಟರ್ ನಮ್ಮ ಹೊಸ ಮನೆಯಲ್ಲಿ ಓಡುತ್ತಿದೆ, ವಾಪಸ್ ಹೇಗೆ ಬರುತ್ತದೆ? ಹಾಗಾಗಿ ಪ್ರತಿ ಸಲ ಯಾರೋ ಒಬ್ಬರು ಖಾತೆ ಮುಚ್ಚುವ ಅರ್ಜಿ ಹಾಕುತ್ತಿದ್ದರು, ಅರ್ಜಿ ಹಾಕಿದ್ದನ್ನೇ ನೋಡಿ ದೂರು ಬಗೆಹರಿದಿದೆ ಎಂದು ಬರೆಯುತ್ತಿದ್ದರು, ಆಮೇಲೆ ಆ ಅರ್ಜಿ ತಾನಾಗಿಯೇ ತಿರಸ್ಕಾರ ಆಗುತ್ತಿತ್ತು. ಅದು ತಿರಸ್ಕಾರ ಆದದ್ದನ್ನು ಹಿಂದೆ ತಿರುಗಿ ನೋಡಿದವರು ಇವರೊಬ್ಬರೇ. ನನಗೆ ಇದನ್ನು ವಿವರಿಸುವಾಗ ಹಿಂದಿನವರ ಮೇಲೆ ಒಂದು ಮಾತೂ ಆಡಲಿಲ್ಲ. "ಅವರಿಗೆ ಆ ಪುಟ ಕಂಡಿಲ್ರಿ ಅಕ್ಕಾರ" ಎಂದರು, ಅಷ್ಟೇ.

ಇನ್ನೊಂದು ಕಷ್ಟ ಉಳಿದಿತ್ತು. ಖಾತೆ ಮಾವನವರ ಹೆಸರಿನದು, ಅವರ ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಮಾವನವರಿಗೆ 78 ವರ್ಷ, ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ. ಸಾಲದ್ದಕ್ಕೆ ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಬಾಗಲಕೋಟೆಯ ಹೋಳಿ ಅಂದರೆ ನಿಮಗೂ ಗೊತ್ತಿರಬಹುದು, ಬಣ್ಣದ ದಿನಕ್ಕೆ ಮೊದಲೇ ಓಣಿ ಓಣಿಯಲ್ಲಿ ಹಲಗಿ ಶುರುವಾಗುತ್ತದೆ. ಹೊರಗೆ ಹುಡುಗರು ಬಾರಿಸುತ್ತಿದ್ದರು. ಒಳಗೆ ಮಾವನವರು ಫೋನನ್ನು ಕಿವಿಗೆ ಒತ್ತಿಕೊಂಡು "ಯಾರವಾ? ಏನಂತಿ?" ಎಂದು ಕೂಗುತ್ತಿದ್ದರು.

ಸವಿತಾ ಹೆಸರು ಕೇಳಿದರು, ಹಳೇ ವಿಳಾಸ ಕೇಳಿದರು. ವಿಳಾಸ ಅಂದ ಕೂಡಲೇ ಮಾವನವರು ಕಿಲ್ಲಾದ ಮನೆಯ ಕಥೆಗೇ ಇಳಿದುಬಿಟ್ಟರು. ತಮ್ಮ ತಂದೆ ಕಟ್ಟಿಸಿದ ಪಡಸಾಲೆ, ಹೊಳೆ ಏರಿದ ವರ್ಷ ಕಟ್ಟೆಯವರೆಗೆ ಬಂದ ನೀರು, ಮನೆ ಬಿಡುವ ದಿನ ಕದಕ್ಕೆ ಕುಂಕುಮ ಹಚ್ಚಿ ಬಂದದ್ದು. ನಾನು ಫೋನ್ ಕಸಿದುಕೊಳ್ಳಲು ಕೈ ಚಾಚಿದೆ. ಸ್ಪೀಕರಿನಲ್ಲಿ ಅವರ ದನಿ ಬಂತು: "ಇರಲಿ ಬಿಡ್ರಿ ಅಕ್ಕಾರ, ಅಜ್ಜಾರು ಹೇಳಲಿ." ಪೂರ್ತಿ ಕೇಳಿದರು. ಆಮೇಲೆ ಜೋರಾಗಿ, ಒಂದೊಂದೇ ಪದ ಬಿಡಿಸಿ, "ಅಜ್ಜಾರ, ಆ ಮನೀ ಇಂಟರ್ನೆಟ್ ಖಾತೆ ಬಂದ್ ಮಾಡ್ಲೇನ್ರಿ? ಹೊಸಾ ಮನೀದು ಇಟ್ಟಿರ್ಲೇನ್ರಿ?" ಎಂದು ಕೇಳಿದರು. ನಾಲ್ಕನೇ ಸಲಕ್ಕೆ ಮಾವನವರಿಗೆ ತಿಳಿಯಿತು. "ಹೂಂ ಮಗಳ, ಬಂದ್ ಮಾಡು" ಅಂದರು. ಆ ಮನೆಯ ಬಗ್ಗೆ 'ಬಂದ್ ಮಾಡು' ಎಂಬ ಮಾತು ಅವರ ಬಾಯಿಂದ ನಾವು ಯಾರೂ ಕೇಳಿರಲಿಲ್ಲ.

ಫೋನ್ ಇಟ್ಟಾಗ ನೋಡಿದೆ, 52 ನಿಮಿಷ ಆಗಿತ್ತು.

ಮುಂದಿನದನ್ನೂ ಅವರೇ ಹೊತ್ತರು. ಶುಕ್ರವಾರ ಸಂಜೆ ನಾಲ್ಕರ ನಂತರ ಕರೆ ಮಾಡುತ್ತೇನೆ ಎಂದಿದ್ದರು, 4.20ಕ್ಕೆ ಮಾಡಿದರು. ಆರು ಆಟೋ ಪೇ ಪಾವತಿಗಳ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್‌ಗಳನ್ನು ನನ್ನಿಂದ ಓದಿಸಿ, ತಮ್ಮ ದಾಖಲೆಗೆ ತಾಳೆ ನೋಡಿದರು. ಇನ್ನೊಂದು ದಿನ ಕೆಲಸ ಮುಗಿದಿರಲಿಲ್ಲ, ರೂಟರ್ ನಂಬರನ್ನು ಹೊಸ ಖಾತೆಗೆ ಜೋಡಿಸುವುದು ಬೇರೆ ವಿಭಾಗದ ಕೈಯಲ್ಲಿತ್ತು. ಆ ದಿನವೂ ಫೋನ್ ಮಾಡಿ "ಇವತ್ತ ಆಗಿಲ್ರಿ, ಸೋಮವಾರ ಮತ್ತ ಹಚ್ಚತೀನಿ" ಎಂದು ಹೇಳಿದರು. ಆಗಿಲ್ಲ ಎಂದು ಹೇಳಲಿಕ್ಕೇ ಯಾರಾದರೂ ಫೋನ್ ಮಾಡಿದ್ದು ನನಗೆ ಇದೇ ಮೊದಲು.

ಮಾರ್ಚ್ 6ಕ್ಕೆ ಹಳೇ ಖಾತೆ ಮುಚ್ಚಿತು. ಆಮೇಲೆ ಲೆಕ್ಕವನ್ನು ನನ್ನಿಂದಲೇ ಹಾಳೆಯ ಮೇಲೆ ಬರೆಸಿದರು. ಹಳೇ ಖಾತೆಗೆ ಹೋದ 4240.92 ರೂಪಾಯಿ ಹೊಸ ಖಾತೆಗೆ ಬಂತು, ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನ ಆರು ಬಿಲ್ಲಿಗೆ ಸರಿಹೋಯಿತು. ದಂಡದ 590 ರೂಪಾಯಿ ರದ್ದಾಯಿತು. ನವೆಂಬರ್‌ನಲ್ಲಿ ನಾನು ಕಟ್ಟಿದ 1649.64 ಹೆಚ್ಚಾಗಿ ಉಳಿಯಿತು. ಅದನ್ನು ಮುಂದಿನ ಬಿಲ್ಲಿಗೆ ಹಿಡಿಯಬೇಕೋ ವಾಪಸ್ ಬೇಕೋ ಎಂದು ನನ್ನನ್ನೇ ಕೇಳಿದರು. ವಾಪಸ್ ಎಂದೆ. 9ನೇ ತಾರೀಖು ಖಾತೆಗೆ ಬಂತು, ಪೈಸೆ ಸಮೇತ. ಹಳೇ ಆಟೋ ಪೇ ರದ್ದು ಮಾಡಿ ಹೊಸ ಖಾತೆಗೆ ಮಾಡಿಕೊಳ್ಳುವುದನ್ನು ಕೂಡ ಫೋನಿನಲ್ಲೇ ಹೇಳಿಕೊಟ್ಟರು. ಅದು ಬಿಟ್ಟುಹೋಗಿದ್ದರೆ ಇದೇ ಗೋಳು ಮತ್ತೆ ಆಗುತ್ತಿತ್ತು ಎಂದು ನನಗೆ ಹೊಳೆದಿರಲೂ ಇಲ್ಲ.

ಒಂದು ವಿನಂತಿ ಇದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಥದೇ ಕೆಲಸ ಮಾಡುತ್ತಾನೆ. ಒಂದು ಕರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಎಣಿಸುತ್ತಾರೆ, ಹೆಚ್ಚಾದರೆ ಮೇಲಿನವರು ಕೇಳುತ್ತಾರೆ ಎಂದು ಅವನು ಹೇಳುತ್ತಿರುತ್ತಾನೆ. ಸವಿತಾ ಅವರ ಲೆಕ್ಕದಲ್ಲಿ ನಮ್ಮ 52 ನಿಮಿಷ ತಪ್ಪಾಗಿ ಕೂತಿದ್ದರೆ ಅದನ್ನು ತೆಗೆದುಹಾಕಿ. ಹಿಂದಿನ ನಾಲ್ಕು ಕರೆಗಳನ್ನು ಕೂಡಿಸಿ ನೋಡಿ, ಅವು ಎಷ್ಟು ನಿಮಿಷ ತಿಂದವು, ಏನು ಕೊಟ್ಟವು ಎಂದು ನಿಮಗೇ ಕಾಣುತ್ತದೆ. ಅವರ ಬಡ್ತಿಯ ಮಾತು ಬಂದಾಗ ಈ ಪತ್ರ ಅವರ ಕಡತದಲ್ಲಿ ಇರಬೇಕು ಎಂಬುದು ನನ್ನ ಆಸೆ.

ಹಾಗೆಯೇ ವರ್ಗಾವಣೆ ಮಾಡುವಾಗ ಹಳೇ ರೂಟರನ್ನೇ ಹಾಕಿದರೆ ಅದರ ನಂಬರ್ ಅವತ್ತೇ ಹೊಸ ಖಾತೆಗೆ ಬರುವಂತೆ ಮಾಡಿ. ಈ ಊರಲ್ಲಿ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಮನೆ ಬದಲಿಸುವವರು ಇನ್ನೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಮಾವನವರ ವಯಸ್ಸಿನವರು, ಐದು ಸಲ ಫೋನ್ ಮಾಡುವ ತ್ರಾಣ ಅವರಿಗಿಲ್ಲ.

ಸವಿತಾ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತೇನೆ ವಿಳಾಸ ಕೊಡಿ ಎಂದಿದ್ದೆ. ಕಂಪನಿಯ ನಿಯಮದಲ್ಲಿ ತಗೊಳ್ಳುವ ಹಾಗಿಲ್ಲ ಎಂದರು. ಅದಕ್ಕೆ ಈ ಪತ್ರವನ್ನಾದರೂ ಅವರ ಕೈಗೆ ಕೊಡಿ. ಬಾಗಲಕೋಟೆಗೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದು ಮಾವನವರು ಹೇಳಿದ್ದಾರೆ, ಅದನ್ನೂ ತಿಳಿಸಿ.

ಇಂತಿ ನಿಮ್ಮ ಗ್ರಾಹಕಿ,
ಶಾಂತಾ
ನವನಗರ, ಬಾಗಲಕೋಟೆ