ವರ್ಷದ ಕೊನೆಗೆ ಪೋಷಕರಿಗೆ ಒಂದು ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ತೀರ್ಥಹಳ್ಳಿ ತಾಲ್ಲೂಕು
10 ಏಪ್ರಿಲ್ 2025

ಪ್ರೀತಿಯ ಪೋಷಕರಿಗೆ ನಮಸ್ಕಾರಗಳು.

2024-25ನೇ ಸಾಲಿನ ತರಗತಿಗಳು ಇಂದಿಗೆ ಮುಗಿದವು. ಪ್ರಗತಿ ಪತ್ರಗಳು ನಿಮ್ಮ ಕೈ ಸೇರಿವೆ. ಅಂಕಗಳ ವಿಚಾರವನ್ನು ಬೆಳಿಗ್ಗೆಯೇ ಎದುರಾಎದುರು ಮಾತನಾಡಿದ್ದೇವೆ. ಆಗ ಹೇಳಲು ಹೊತ್ತು ಸಾಲದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಜುಲೈಯಲ್ಲಿ ಪುನರ್ವಸು ಮಳೆ ಹಿಡಿದಾಗ ಹಳ್ಳ ತುಂಬಿ ಹರಿಯುತ್ತಿತ್ತು. ಶಾಲೆಗೆ ರಜೆ ಇಲ್ಲದ ದಿನಗಳಲ್ಲಿ ನೀವು ನಿಮ್ಮ ನಿಮ್ಮಲ್ಲೇ ಪಾಳಿ ಹಾಕಿಕೊಂಡು, ಕಾಲುಸಂಕದ ಎರಡೂ ತುದಿಯಲ್ಲಿ ನಿಂತು ಮಕ್ಕಳನ್ನು ದಾಟಿಸಿದಿರಿ. ನಾನು ಕೇಳಿರಲಿಲ್ಲ. ಎಸ್.ಡಿ.ಎಂ.ಸಿ. ಸಭೆಯಲ್ಲಿ ತೀರ್ಮಾನವೂ ಆಗಿರಲಿಲ್ಲ. ಕಂಬಳಿಕೊಪ್ಪೆ ಹೊದ್ದ ಒಬ್ಬ ತಂದೆ ಒಂದನೇ ತರಗತಿಯ ಹುಡುಗನ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಅವನ ಕೈ ಹಿಡಿದು ಬರುತ್ತಿದ್ದುದನ್ನು ಜಗಲಿಯಿಂದ ನೋಡಿದೆ. ಅವನು ಅವರ ಮಗನಲ್ಲ. ನಾಟಿಯ ದಿನಗಳಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಗದ್ದೆಮನೆಯಲ್ಲಿ ಬೆಳೆದ ನನಗೆ ಗೊತ್ತು. ಆ ಮಳೆಗಾಲದಲ್ಲಿ ಒಂದು ಮಗುವೂ ಕಾಲು ಜಾರಿ ಬೀಳಲಿಲ್ಲ. ನಿಮಗೆ ನನ್ನ ಕೈಮುಗಿದ ವಂದನೆಗಳು.

ಮಳೆ ರಜೆಯ ಪಾಠಗಳನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿದೆವು; ಗೊಣಗದೆ ಮಕ್ಕಳನ್ನು ಕಳುಹಿಸಿದಿರಿ. ಹಿತ್ತಲಲ್ಲಿ ಬೆಳೆದ ಸೌತೆಕಾಯಿ, ಬಾಳೆಕಾಯಿಗಳನ್ನು ಬಿಸಿಯೂಟಕ್ಕೆ ತಂದುಕೊಟ್ಟಿರಿ. ಅಡುಗೆಯ ಅಕ್ಕಂದಿರ ಪರವಾಗಿಯೂ ಕೃತಜ್ಞತೆಗಳು.

ಇಂದು ಬೆಳಿಗ್ಗೆ ಒಬ್ಬ ಅಜ್ಜಿ ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕೇಳಿ ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಕಲಿಸಿದವಳು ನಲಿಕಲಿ ತರಗತಿಯ ಮೊಮ್ಮಗಳು. ಒತ್ತಕ್ಷರ ಬರೆಯುವಾಗ ಅಜ್ಜಿಯ ಕೈ ತಡೆಯಿತು, ಮೊಮ್ಮಗಳು ಮೇಜಿನ ಮೇಲೆ ಬೆರಳಲ್ಲಿ ಗೀರಿ ತೋರಿಸಿದಳು. ಇಪ್ಪತ್ತೆರಡು ವರ್ಷದ ನನ್ನ ವೃತ್ತಿಯಲ್ಲಿ ಇಷ್ಟು ಸಂತೋಷ ಕೊಟ್ಟ ಸಹಿ ಇನ್ನೊಂದಿಲ್ಲ.

ಏಳನೇ ತರಗತಿ ಮುಗಿಸಿದ ಒಂಬತ್ತು ಮಕ್ಕಳು ಇನ್ನು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ಹೊಸ ಶಾಲೆ ಅವರಿಗೆ ಒಗ್ಗಲಿ, ಒಳ್ಳೆಯ ಗೆಳೆಯರು ಸಿಗಲಿ. ದೂರವೆಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಮಾತ್ರ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ವರ್ಗಾವಣೆ ಪತ್ರ ಸಿದ್ಧವಿದೆ, ಶುಲ್ಕವೇನೂ ಇಲ್ಲ.

ರಜೆಯಲ್ಲಿ ಮಕ್ಕಳು ಅಜ್ಜಿಮನೆಗೆ ಹೋಗಲಿ, ಮಾವಿನಮರ ಹತ್ತಲಿ, ಹಲಸಿನ ಹಪ್ಪಳ ಒಣಗಿಸಲಿ. ಆದರೆ ದೊಡ್ಡವರಿಲ್ಲದೆ ತುಂಗಾ ಹೊಳೆಗೆ ಮಾತ್ರ ಇಳಿಯಕೂಡದು. ಬೇಸಿಗೆಯಲ್ಲಿ ನೀರು ಕಡಿಮೆ ಕಂಡರೂ ಗುಂಡಿಗಳು ಆಳವಾಗಿಯೇ ಇರುತ್ತವೆ. ಇದನ್ನು ದಯವಿಟ್ಟು ಮನೆಯಲ್ಲಿ ಮತ್ತೆ ಮತ್ತೆ ಹೇಳಿ.

ಈ ವರ್ಷ ಮಳೆ ಹದವಾಗಿ ಬರಲಿ, ಅಡಿಕೆಗೆ ಕೊಳೆರೋಗ ತಗಲದಿರಲಿ, ನಿಮ್ಮ ಮನೆಗಳಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿರಲಿ. ಮೇ 29ಕ್ಕೆ ಶಾಲೆ ತೆರೆಯುತ್ತದೆ. ಮಕ್ಕಳನ್ನು ಕರೆದುಕೊಂಡು ನೀವೂ ಬನ್ನಿ, ಅಂದು ಪಾಯಸ ಮಾಡಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ